ಸಂತೆಯ ಬೆಲೆ ಎಲ್ಲಿ ಕಟ್ಟುತ್ತದೆ?
ಪರಿಪೂರ್ಣ ಪೈಪೋಟಿ ಮತ್ತು ಕೊಪ್ಪಳ ಸೀಮೆಯ ವಾರದ ಸಂತೆ



ಪಿಯುಸಿಯಿಂದ ಪದವಿಯವರೆಗೆ ಪರಿಪೂರ್ಣ ಪೈಪೋಟಿಯ ಪಾಠ ಬಂದಾಗಲೆಲ್ಲ ಉದಾಹರಣೆಯಾಗಿ ತರಕಾರಿ ಮಾರುಕಟ್ಟೆ ಬರುತ್ತದೆ. ಮಾರುವವರು ಬಹಳ, ಕೊಳ್ಳುವವರು ಬಹಳ, ಮಾಲು ಒಂದೇ ಬಗೆಯದು, ಆದ್ದರಿಂದ ಬೆಲೆ ಯಾರ ಕೈಯಲ್ಲೂ ಇಲ್ಲ ಎಂದು ಬರೆದರೆ ಅಂಕ ಸಿಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಊರುಗಳಿಂದ ಬರುವ ವಿದ್ಯಾರ್ಥಿಗಳಾದ ನೀವು ಈ ಉದಾಹರಣೆಯನ್ನು ಪರೀಕ್ಷಿಸಲು ಪುಸ್ತಕದ ಹೊರಗೆ ಬಹುದೂರ ಹೋಗಬೇಕಿಲ್ಲ. ನಿಮ್ಮ ಮನೆಯ ಕಾಯಿಪಲ್ಯ ಬರುವುದೇ ವಾರದ ಸಂತೆಯಿಂದ. ಆ ಸಂತೆ ಸಿದ್ಧಾಂತಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದಷ್ಟೇ ಇಂದಿನ ನನ್ನ ವಿಷಯ. ಕಾಳುಕಡಿ, ಬಟ್ಟೆ, ಪಾತ್ರೆಗಳ ಸಾಲಿಗೆ ನಾನು ಹೋಗುವುದಿಲ್ಲ. ತರಕಾರಿಯ ಸಾಲು, ಮತ್ತು ಆ ಸಾಲಿಗೆ ಮಾಲು ಬರುವ ಬೆಳಗಿನ ಹರಾಜು, ಇವೆರಡಕ್ಕೇ ಮಾತನ್ನು ಸೀಮಿತಗೊಳಿಸುತ್ತೇನೆ.

ಪರಿಪೂರ್ಣ ಪೈಪೋಟಿಯ ಷರತ್ತುಗಳನ್ನು ಬಿಡಿಬಿಡಿಯಾಗಿ, ಕಟ್ಟುನಿಟ್ಟಾಗಿ ಬರೆದಿಟ್ಟವರಲ್ಲಿ ಫ್ರಾಂಕ್ ನೈಟ್ ಮುಖ್ಯರು. ಅವರ ಗ್ರಂಥ ಬಂದದ್ದು 1921ರಲ್ಲಿ. ಲಾಭ ಎಲ್ಲಿಂದ ಹುಟ್ಟುತ್ತದೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಲಾಭವೇ ಉಳಿಯದಂಥ ಒಂದು ಮಾರುಕಟ್ಟೆಯನ್ನು ಅವರು ಮೊದಲು ಊಹಿಸಿಕೊಂಡರು. ಅಂದರೆ ಈ ಷರತ್ತುಗಳು ಯಾವುದೋ ಸಂತೆಯನ್ನು ನೋಡಿ ಮಾಡಿದ ವರ್ಣನೆ ಅಲ್ಲ, ಒಂದು ಅಳತೆಗೋಲು. ಗೋಲಿಗೂ ಸಂತೆಗೂ ಎಲ್ಲಿ ಅಂತರ ಬರುತ್ತದೆ, ಎಷ್ಟು ಬರುತ್ತದೆ ಎಂದು ನೋಡುವುದರಲ್ಲಿ ನಮಗೆ ಕೆಲಸವಿದೆ. ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಆ ಕೆಲಸ ಶುರುವೇ ಆಗುವುದಿಲ್ಲ.

ಮೊದಲು ಮಾರುವವರ ಸಂಖ್ಯೆಯ ಮಾತು.

ಬೆಳಗಿನ ಹತ್ತು ಗಂಟೆಗೆ ಸಂತೆಯ ಟೊಮೆಟೊ ಸಾಲಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬನ್ನಿ. ಬಹುತೇಕ ಎಲ್ಲರೂ ಒಂದೇ ದರ ಹೇಳುತ್ತಾರೆ. ಇದನ್ನು ಕಂಡ ವಿದ್ಯಾರ್ಥಿ ಥಟ್ಟನೆ ಬರೆಯುತ್ತಾನೆ: ಒಂದೇ ಬೆಲೆ, ಆದ್ದರಿಂದ ಪರಿಪೂರ್ಣ ಪೈಪೋಟಿ. ನನ್ನ ತಕರಾರು ಇಲ್ಲಿಂದ ಆರಂಭವಾಗುತ್ತದೆ. ಒಂದೇ ಬೆಲೆ ಇರುವುದಕ್ಕೆ ಮೂರು ಬೇರೆ ಬೇರೆ ಕಾರಣಗಳು ಸಾಧ್ಯ. ಮಾರುವವರು ನಿಜವಾಗಿಯೂ ಪೈಪೋಟಿ ನಡೆಸಿ ಆ ಬೆಲೆಗೆ ಬಂದಿರಬಹುದು. ಅಥವಾ ಎಲ್ಲರೂ ಆ ದಿನ ನಸುಕಿನಲ್ಲಿ ಒಂದೇ ದಲಾಲಿ ಅಂಗಡಿಯ ಮುಂದೆ, ಒಂದೇ ಸವಾಲಿನಲ್ಲಿ, ಹೆಚ್ಚುಕಡಿಮೆ ಒಂದೇ ದರಕ್ಕೆ ಮಾಲು ಎತ್ತಿರಬಹುದು. ಖರೀದಿ ಒಂದೇ ಆದಾಗ ಮಾರಾಟವೂ ಒಂದೇ ಆಗುತ್ತದೆ. ಮೂರನೆಯದು, ಸಾಲಿನವರು ತಾಡಪತ್ರಿ ಹಾಸುವಾಗಲೇ ಇವತ್ತಿನ ರೇಟು ಇಷ್ಟು ಎಂದು ಪರಸ್ಪರ ಮಾತಾಡಿಕೊಂಡಿರಬಹುದು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಥರ ಕಾಣುತ್ತವೆ.

ಇವನ್ನು ಬೇರೆ ಮಾಡುವ ಉಪಾಯವೊಂದು ಸಂತೆಯಲ್ಲೇ ಇದೆ. ತನ್ನ ಹೊಲದ ಮಾಲನ್ನು ತಾನೇ ತಂದ ರೈತ ಬಂದು ಸಾಲಿನಲ್ಲಿ ಕೂರುವ ಗಳಿಗೆಯನ್ನು ಗಮನಿಸಿ. ಯಲಬುರ್ಗಾ ಕಡೆಯ ಎರೆಹೊಲದಿಂದ ನಾಲ್ಕು ಬುಟ್ಟಿ ಬದನೆಕಾಯಿ ತಂದ ಹೆಣ್ಣುಮಗಳಿಗೆ ದಲಾಲಿಯ ಖರ್ಚಿಲ್ಲ, ಊರಿಗೆ ಮರಳುವ ಬಸ್ಸಿನ ಅವಸರ ಮಾತ್ರ ಇದೆ. ಆಕೆ ಕೇಳುವ ದರ ಕೆಳಗಿರುತ್ತದೆ. ಆಗ ಅಕ್ಕಪಕ್ಕದವರು ತಮ್ಮ ದರವನ್ನೂ ಇಳಿಸಿದರೆ ಅಲ್ಲಿ ಪೈಪೋಟಿ ಇದೆ ಎಂದು ತಿಳಿಯಬೇಕು. ಆಕೆಯೇ ಸಾಲಿನ ದರಕ್ಕೆ ಏರಿ ಮಾರಿದರೆ, ನಾಲ್ಕು ಬುಟ್ಟಿಗೆ ಗಿರಾಕಿ ಹೇಗೂ ಸಿಗುತ್ತಾರೆ ಎಂದು ಆಕೆಗೆ ಗೊತ್ತಿದೆ ಎಂದರ್ಥ. ಪಠ್ಯಪುಸ್ತಕ ಹೇಳುವ, ಬೆಲೆಯನ್ನು ಸ್ವೀಕರಿಸುವ ಮಾರಾಟಗಾರ್ತಿ ಆಕೆಯೇ. “ಯಕ್ಕಾ, ರೇಟ ಕೆಡಸಬ್ಯಾಡ, ಎಲ್ಲಾರೂ ಹೊಟ್ಟಿಪಾಡಿಗೆ ಬಂದೇವಿ” ಎಂಬ ಮಾತು ಕೇಳಿಬಂದರೆ, ಅಥವಾ ಸಾಲಿನವರೊಬ್ಬರು ಆಕೆಯ ಬುಟ್ಟಿಗಳನ್ನೆಲ್ಲ ಒಟ್ಟಿಗೆ ಕೊಂಡು ಆಕೆಯನ್ನು ಊರಿಗೆ ಕಳಿಸಿಬಿಟ್ಟರೆ, ಅಲ್ಲಿ ಒಂದು ಒಪ್ಪಂದ ಕೆಲಸ ಮಾಡುತ್ತಿದೆ. ಕಾಗದವಿಲ್ಲದ, ಸಹಿಯಿಲ್ಲದ ಒಪ್ಪಂದ. ಆ ಮಾತನ್ನಾಡಿದವರನ್ನು ನಾನು ದೂರುವುದಿಲ್ಲ. ಅವರು ಆ ಮಾತನ್ನು ಯಾಕೆ ಆಡುತ್ತಾರೆ ಎಂಬುದು ಮುಂದೆ ಲೆಕ್ಕ ಹಾಕಿದಾಗ ತಿಳಿಯುತ್ತದೆ.

ಇನ್ನು ಎರಡನೆಯ ಕಾರಣ, ಒಂದೇ ಕಡೆಯ ಖರೀದಿ, ನಿಜವಾದರೆ ಬೆಲೆಯ ಬುಡ ನಸುಕಿನ ಹರಾಜಿನಲ್ಲಿದೆ ಎಂದಾಗುತ್ತದೆ. ಅಲ್ಲಿ ಮಾರುವ ರೈತರು ಹಲವರು, ಆದರೆ ಮಾಲನ್ನು ಸವಾಲಿಗೆ ಹಚ್ಚುವ ದಲಾಲರು ಕೆಲವರು. ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ 1966ರಷ್ಟು ಹಳೆಯದು, ಅದರಡಿಯ ಮಾರುಕಟ್ಟೆ ಅಂಗಳದಲ್ಲಿ ದಲಾಲಿ ನಡೆಸಲು ಪರವಾನಗಿ ಬೇಕು. ಪರವಾನಗಿಗಿಂತ ದೊಡ್ಡ ತಡೆ ಬಂಡವಾಳದ್ದು. ಬೀಜಕ್ಕೆ, ಗೊಬ್ಬರಕ್ಕೆ, ಮನೆಯ ಮದುವೆಗೆ ಮುಂಗಡ ಕೊಡಬಲ್ಲವನ ಅಂಗಡಿಗೇ ರೈತನ ಮಾಲು ಹೋಗುತ್ತದೆ. ಸಂತೆಯಲ್ಲಿ ಮಾರುವ ಚಿಲ್ಲರೆಯವರಿಗೆ ಬೆಳಗ್ಗೆ ಉದ್ರಿ ಕೊಟ್ಟು ಸಂಜೆ ವಸೂಲು ಮಾಡುವವನೂ ಅವನೇ. ಉದ್ರಿ ಪಡೆದವರು ಇನ್ನೊಂದು ಅಂಗಡಿಯಲ್ಲಿ ದರ ಕಡಿಮೆಯಿದ್ದರೂ ಸುಲಭವಾಗಿ ಅತ್ತ ತಿರುಗಲಾರರು. ಸಂತೆಯಲ್ಲಿ ನೂರು ಜನ ಮಾರುತ್ತಿದ್ದಾರೆ ಎಂಬ ಎಣಿಕೆ ಈ ಹಂತವನ್ನು ಮುಚ್ಚಿಬಿಡುತ್ತದೆ.

ಆದರೂ ಇಲ್ಲಿ ಒಂದು ಎಚ್ಚರ ಬೇಕು. ಜನ ಕಡಿಮೆ ಎಂದ ಮಾತ್ರಕ್ಕೆ ಪೈಪೋಟಿ ಸತ್ತಿತು ಎಂದಲ್ಲ. ವರ್ನನ್ ಸ್ಮಿತ್ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಮ್ಮ ತರಗತಿಯಲ್ಲಿ ವಿದ್ಯಾರ್ಥಿಗಳನ್ನೇ ಕೊಳ್ಳುವವರು, ಮಾರುವವರು ಎಂದು ಪಾಲು ಮಾಡಿ ಆಟ ಆಡಿಸಿದರು. ಪ್ರತಿಯೊಬ್ಬರಿಗೂ ತಮ್ಮ ಮಿತಿ ದರ ಮಾತ್ರ ಗೊತ್ತು, ಬೇರೆಯವರದು ಗೊತ್ತಿಲ್ಲ. ಎಲ್ಲರೂ ಎಲ್ಲರಿಗೂ ಕೇಳುವಂತೆ ಕೂಗಿ ದರ ಹೇಳಬೇಕೆಂಬುದು ನಿಯಮ. ಕೆಲವೇ ಸುತ್ತುಗಳಲ್ಲಿ ವ್ಯವಹಾರದ ಬೆಲೆ ಸಿದ್ಧಾಂತ ಹೇಳುವ ಸಮತೋಲನದ ಬೆಲೆಗೆ ಹತ್ತಿರ ಬಂತು. ಈ ಪ್ರಯೋಗಗಳನ್ನು ಅವರು 1962ರಲ್ಲಿ ಪ್ರಕಟಿಸಿದರು, 2002ರಲ್ಲಿ ಅವರಿಗೆ ನೊಬೆಲ್ ಬಂತು. ಕೊಡುಕೊಳ್ಳುವವರು ಅಸಂಖ್ಯರಾಗಿರಬೇಕಿಲ್ಲ, ಎಲ್ಲರಿಗೂ ಎಲ್ಲವೂ ಗೊತ್ತಿರಬೇಕಿಲ್ಲ, ಬೆಲೆ ಬಹಿರಂಗವಾಗಿ ಕೇಳುವಂತಿದ್ದರೆ ಬಹಳ ಕೆಲಸ ಆಗುತ್ತದೆ. ನಮ್ಮಲ್ಲೇ ಎರಡು ಪದ್ಧತಿಗಳನ್ನು ಹೋಲಿಸಿ ನೋಡಿ. ತರಕಾರಿ ಸವಾಲಿನಲ್ಲಿ ದರ ಕೂಗುತ್ತಾರೆ. ದನದ ಸಂತೆಯಲ್ಲಿ ದಲ್ಲಾಳಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ತಿಳಿಸುತ್ತಾನೆ, ಪಕ್ಕದಲ್ಲಿ ನಿಂತವರಿಗೂ ಅದು ತಿಳಿಯದು. ಅಲ್ಲಿ ಎತ್ತುಗಳು ನೂರಾರು, ಕೊಳ್ಳುವವರು ನೂರಾರು. ಆದರೂ ಒಂದು ಜೋಡಿಯ ಬೆಲೆ ಇನ್ನೊಂದು ಜೋಡಿಯ ಬೆಲೆಯನ್ನು ತಿದ್ದುವುದಿಲ್ಲ. ಹೀಗಾಗಿ ಹರಾಜಿಗೆ ಹೋದಾಗ ತಲೆ ಎಣಿಸುವುದಕ್ಕಿಂತ, ದರ ಎಲ್ಲರಿಗೂ ಕೇಳುವಂತೆ ಏರುತ್ತಿದೆಯೇ, ರೈತ ಒಲ್ಲೆ ಎಂದು ಮಾಲನ್ನು ಹಿಂದಕ್ಕೆ ಪಡೆಯಬಲ್ಲನೇ ಎಂಬುದನ್ನು ನೋಡಿರಿ.

ಈಗ ಎರಡನೆಯ ವಿಚಾರಕ್ಕೆ ಬರುತ್ತೇನೆ. ಮಾಲು ಒಂದೇ ಬಗೆಯದೇ?

ಬದನೆಕಾಯಿಯನ್ನೇ ತೆಗೆದುಕೊಳ್ಳೋಣ. ಎಳ್ಳ ಅಮಾವಾಸ್ಯೆಯ ಮುಂಚಿನ ಸಂತೆಯಲ್ಲಿ ಕುಷ್ಟಗಿ, ಯಲಬುರ್ಗಾ ಕಡೆ ಬಹುತೇಕ ಪ್ರತಿ ಮನೆಯವರೂ ಬದನೆಕಾಯಿ ಕೊಳ್ಳುತ್ತಾರೆ, ಹೊಲಕ್ಕೆ ಚರಗ ಚೆಲ್ಲಲು ಒಯ್ಯುವ ಬುತ್ತಿಯಲ್ಲಿ ಎಣ್ಣಿಗಾಯಿ ಇರಲೇಬೇಕು. ಎಣ್ಣಿಗಾಯಿಗೆ ಬೇಕಾದದ್ದು ಎಳೆಯ, ಗುಂಡನೆಯ, ತೊಟ್ಟು ಹಸಿರಾಗಿರುವ ಕಾಯಿ. ಬಲಿತು ಬೀಜ ಕಟ್ಟಿದ ಕಾಯಿ ಅದಕ್ಕೆ ಬಾರದು. ಆ ದಿನ ಒಂದೇ ಬುಟ್ಟಿಯೊಳಗಿನ ಕಾಯಿಗಳು ಎರಡು ಬೇರೆ ಮಾಲುಗಳಾಗಿಬಿಡುತ್ತವೆ. ಅನುಭವಿ ಗಿರಾಕಿ ತೊಟ್ಟನ್ನು ಮುಟ್ಟಿ ಆರಿಸುತ್ತಾಳೆ. ಆರಿಸಲು ಬಿಡದ ಅಂಗಡಿಯಲ್ಲಿ ದರ ಕಡಿಮೆ, ಆರಿಸಲು ಬಿಡುವಲ್ಲಿ ದರ ಹೆಚ್ಚು. ದರ ಬರೆದುಕೊಳ್ಳುವವನು ಇವೆರಡನ್ನೂ ಬದನೆಕಾಯಿ ಎಂಬ ಒಂದೇ ಕಾಲಮ್ಮಿನಲ್ಲಿ ತುಂಬಿದರೆ ಬೆಲೆ ಏರುಪೇರಾಗಿದೆ ಎಂದು ಕಾಣುತ್ತದೆ, ನಿಜದಲ್ಲಿ ಏರುಪೇರಾದದ್ದು ಕಾಯಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ತಪ್ಪಲುಪಲ್ಯದ ಸಾಲಿನಲ್ಲಿದೆ, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೆಂತೆ, ಪುಂಡಿ, ರಾಜಗಿರಿ, ಸಬ್ಬಸಿಗೆ ಇವನ್ನು ನಮ್ಮ ಸಂತೆಗಳಲ್ಲಿ ತಕ್ಕಡಿಗೆ ಹಾಕುವುದು ಕಡಿಮೆ. ಸಿವುಡು ಕಟ್ಟಿ ಮಾರುತ್ತಾರೆ. ಟೊಮೆಟೊ, ಹಸಿಮೆಣಸಿನಕಾಯಿ, ಸವತಿಕಾಯಿಗಳನ್ನೂ ಎಷ್ಟೋ ಜನ ಗುಂಪಿ ಹಾಕಿ ಮಾರುತ್ತಾರೆ. ಸಿವುಡಿಗೆ ಹತ್ತು ರೂಪಾಯಿ, ಗುಂಪಿಗೆ ಹತ್ತು ರೂಪಾಯಿ. ಈ ವಾರವೂ ಹತ್ತು, ಮುಂದಿನ ವಾರವೂ ಹತ್ತು. ಚಿಲ್ಲರೆಯ ತಾಪತ್ರಯ ಇಲ್ಲದ ದುಂಡು ಮೊತ್ತ ಅದು. ಹಾಗಾದರೆ ಬೇಡಿಕೆ, ಪೂರೈಕೆ ಬದಲಾದಾಗ ಏನು ಬದಲಾಗುತ್ತದೆ? ಸಿವುಡಿನ ದಪ್ಪ ಬದಲಾಗುತ್ತದೆ. ಮುಂಗಾರು ಚೆನ್ನಾಗಿ ಹಿಡಿದ ವಾರ ಮೆಂತೆಯ ಸಿವುಡು ಮುಷ್ಟಿಗೆ ಸಿಗದಷ್ಟು ದಪ್ಪ. ಬೇಸಿಗೆಯಲ್ಲಿ ಬೋರಿನ ನೀರು ಇಳಿದಾಗ ಎರಡು ಬೆರಳ ಸಂದಿಯಲ್ಲಿ ಹಿಡಿಯಬಹುದಾದಷ್ಟು ತೆಳ್ಳಗೆ. ದರ ಕೇಳಿ ಬರೆದುಕೊಂಡು ಬಂದ ವಿದ್ಯಾರ್ಥಿಗೆ ಮಾರುಕಟ್ಟೆ ಕದಲಲೇ ಇಲ್ಲ ಎಂದು ತೋರುತ್ತದೆ. ಒಂದು ಚಿಕ್ಕ ತಕ್ಕಡಿ ಒಯ್ದವನಿಗೆ ಬೆಲೆ ಇಮ್ಮಡಿಯಾದದ್ದು ಕಾಣುತ್ತದೆ. 400 ಗ್ರಾಂ ಇದ್ದ ಹತ್ತು ರೂಪಾಯಿಯ ಸಿವುಡು 200 ಗ್ರಾಂ ಆದರೆ ಕೆಜಿಯ ಬೆಲೆ 25 ರೂಪಾಯಿಯಿಂದ 50 ರೂಪಾಯಿಗೆ ಏರಿದಂತೆ. ಇದೇ ಕಾರಣಕ್ಕೆ ಅಕ್ಕಪಕ್ಕದ ಇಬ್ಬರು ಒಂದೇ ದರ ಕೂಗುತ್ತಾ ಬೇರೆ ಬೇರೆ ಬೆಲೆಗೆ ಮಾರುತ್ತಿರುವುದು ಸಾಧ್ಯ. ತಕ್ಕಡಿ ಹಿಡಿದು ಕೊಳ್ಳುವಾಗಲೂ ಕೊಸರು ಎಂಬುದುಂಟು. ಗುರುತಿನ ಗಿರಾಕಿಗೆ ಎರಡು ಮೆಣಸಿನಕಾಯಿ, ಒಂದು ಎಸಳು ಕೊತ್ತಂಬರಿ ಹೆಚ್ಚು ಬೀಳುತ್ತವೆ. ದರ ಒಂದೇ ಇದ್ದು ಬೆಲೆ ಗಿರಾಕಿಯಿಂದ ಗಿರಾಕಿಗೆ ಬೇರೆಯಾಗುತ್ತದೆ.

ಗುರುತಿನ ಗಿರಾಕಿಯ ಮಾತು ಬಂದದ್ದರಿಂದ ಮಾಹಿತಿಯ ಷರತ್ತನ್ನು ಇಲ್ಲೇ ಹೇಳಿಬಿಡುತ್ತೇನೆ. ಕ್ಲಿಫರ್ಡ್ ಗೀರ್ಟ್ಸ್ ಮೊರಾಕ್ಕೋ ದೇಶದ ಸೆಫ್ರು ಎಂಬ ಊರಿನ ಪೇಟೆಯನ್ನು ಅಧ್ಯಯನ ಮಾಡಿ 1978ರಲ್ಲಿ ಒಂದು ಲೇಖನ ಬರೆದರು. ಅಲ್ಲಿ ಕೊಳ್ಳುವವರು ಪ್ರತಿಸಲ ಇಡೀ ಪೇಟೆ ಸುತ್ತಿ ಅಗ್ಗದ ಅಂಗಡಿ ಹುಡುಕುವುದಿಲ್ಲ. ಒಬ್ಬ ವ್ಯಾಪಾರಿಯ ಬಳಿಗೇ ಮತ್ತೆ ಮತ್ತೆ ಹೋಗುತ್ತಾರೆ, ಯಾಕೆಂದರೆ ಮಾಲಿನ ಗುಣದ ಬಗ್ಗೆ ತಿಳಿಯುವುದೇ ದುಬಾರಿ. ನಮ್ಮ ತಾಯಂದಿರು ಖಾಯಂ ಅಂಗಡಿ ಇಟ್ಟುಕೊಳ್ಳುವುದೂ ಇದೇ ಲೆಕ್ಕದಿಂದ. ಕೆಜಿಗೆ ಎರಡು ರೂಪಾಯಿ ಹೆಚ್ಚಾದರೂ ಅಡಿಯಲ್ಲಿ ಕೊಳೆತ ಟೊಮೆಟೊ ಹಾಕುವುದಿಲ್ಲ ಎಂಬ ಭರವಸೆಗೆ ಆ ಎರಡು ರೂಪಾಯಿ. ಸಿದ್ಧಾಂತದ ಕಣ್ಣಿಗೆ ಇದು ಲೋಪ. ಮಾಹಿತಿ ದುಬಾರಿಯಾದ ಸಂತೆಯಲ್ಲಿ ಅದು ತಿಳಿವಳಿಕೆಯ ನಡೆ ಎಂದೇ ನನ್ನ ಅಭಿಪ್ರಾಯ.

ಮೂರನೆಯದು ಕಾಲ. ಪಠ್ಯಪುಸ್ತಕದ ರೇಖಾಚಿತ್ರದಲ್ಲಿ ಗಡಿಯಾರ ಇರುವುದಿಲ್ಲ. ಸಂತೆಯಲ್ಲಿ ಗಡಿಯಾರವೇ ಯಜಮಾನ. ಆಲ್‌ಫ್ರೆಡ್ ಮಾರ್ಷಲ್ 1890ರ ತಮ್ಮ ಗ್ರಂಥದಲ್ಲಿ ಅತಿ ಅಲ್ಪಾವಧಿಯ ಪೂರೈಕೆಯನ್ನು ವಿವರಿಸುವಾಗ ಮೀನು ಮಾರುಕಟ್ಟೆಯ ಉದಾಹರಣೆ ಕೊಟ್ಟರು. ಅಂದು ಬಂದ ಮೀನು ಅಂದೇ ಹೋಗಬೇಕು, ಹಿಡಿದ ಖರ್ಚು ಎಷ್ಟಾಗಿತ್ತು ಎಂಬುದಕ್ಕೆ ಆ ದಿನದ ಬೆಲೆಯಲ್ಲಿ ಜಾಗವಿಲ್ಲ. ನಮ್ಮ ಮೆಂತೆಪಲ್ಯ ಹಾಗೆಯೇ.

ಒಂದು ಲೆಕ್ಕ ಹಾಕೋಣ. ಇದು ವಿಷಯ ತಿಳಿಯಲು ನಾನೇ ಕಟ್ಟಿಕೊಂಡ ಲೆಕ್ಕ, ಯಾವ ಸಂತೆಯ ದಾಖಲೆಯೂ ಅಲ್ಲ. ಚಿಲ್ಲರೆ ಮಾರುವ ಒಬ್ಬರು 25 ಕೆಜಿಯ ನಾಲ್ಕು ಟ್ರೇ ಟೊಮೆಟೊವನ್ನು ಟ್ರೇಗೆ 300 ರೂಪಾಯಿಯಂತೆ ಎತ್ತಿದರು. ಮಾಲಿಗೆ 1,200. ಟಂಟಂ ಬಾಡಿಗೆ 120, ಹಮಾಲಿ 30, ಜಾಗದ ಕರ 30. ಒಟ್ಟು 1,380, ಅಂದರೆ ಕೆಜಿಗೆ 13 ರೂಪಾಯಿ 80 ಪೈಸೆ. ಬೆಳಗ್ಗೆ ಕೆಜಿಗೆ 20ರಂತೆ ಮಾರಾಟ. ಕೊಳ್ಳುವವರಿಗೆ ಇದು ಕೆಜಿಗೆ ಆರು ರೂಪಾಯಿಗೂ ಮೀರಿದ ಲಾಭ ಎಂದು ಅನ್ನಿಸುತ್ತದೆ. ಆದರೆ ಆ ದರಕ್ಕೆ ಹೋದದ್ದು 60 ಕೆಜಿ. ಮಧ್ಯಾಹ್ನದ ಮೇಲೆ ಮೆತ್ತಗಾದ 25 ಕೆಜಿ 15ರಂತೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ 10 ಕೆಜಿ 8ರಂತೆ. ಉಳಿದ 5 ಕೆಜಿ ದನಕ್ಕೆ. ಕೈಗೆ ಬಂದದ್ದು 1,200, 375, 80, ಒಟ್ಟು 1,655. ಖರ್ಚು ಕಳೆದರೆ 275 ರೂಪಾಯಿ. ನಸುಕಿನಿಂದ ರಾತ್ರಿಯವರೆಗಿನ ದುಡಿಮೆಗೆ ಇದು ಕೂಲಿ. 2024–25ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 349 ರೂಪಾಯಿ ಇತ್ತು.

ಈ ಲೆಕ್ಕದಲ್ಲಿ ಎರಡು ಸಂಗತಿ ಗಮನಿಸಿರಿ. ಮೊದಲನೆಯದು, ಸಂಜೆ 8 ರೂಪಾಯಿಗೆ ಮಾರಿದ್ದು ಮೂರ್ಖತನವಲ್ಲ. ಆ ಹೊತ್ತಿಗೆ 13.80 ಎಂಬ ಖರ್ಚು ಹಿಂದೆ ಹೋಗಿಬಿಟ್ಟಿದೆ. ಈಗ ಅವರ ಮುಂದಿರುವ ಆಯ್ಕೆ 8 ರೂಪಾಯಿ ಅಥವಾ ಸೊನ್ನೆ. ಎರಡನೆಯದು, ಷರತ್ತುಗಳು ಮುರಿದ ಈ ಸಂತೆಯಲ್ಲಿ ಪರಿಪೂರ್ಣ ಪೈಪೋಟಿಯ ಫಲಿತಾಂಶ ಮಾತ್ರ ಕಾಣಿಸಿಕೊಂಡಿದೆ. ದುಡಿಮೆಯ ಕೂಲಿಯನ್ನು ಖರ್ಚಿಗೆ ಸೇರಿಸಿದರೆ ಲಾಭ ಸೊನ್ನೆ, ಸೊನ್ನೆಗೂ ಕೆಳಗೆ. ಕಾರಣ ಪ್ರವೇಶದ ಮುಕ್ತತೆ. ಒಂದು ತಾಡಪತ್ರಿ, ಒಂದು ತಕ್ಕಡಿ, ಒಂದು ದಿನದ ಉದ್ರಿ ಇದ್ದರೆ ಯಾರು ಬೇಕಾದರೂ ಸಾಲಿಗೆ ಬಂದು ಕೂರಬಹುದು. ಹೊಲದಲ್ಲಿ ಕೆಲಸವಿಲ್ಲದ ತಿಂಗಳಲ್ಲಿ ಕೂರುತ್ತಾರೆ ಕೂಡ. “ರೇಟ ಕೆಡಸಬ್ಯಾಡ” ಎಂಬ ಮಾತಿನ ಹಿಂದಿನ ಒತ್ತಡ ಇದು. ಪೂರ್ತಿ ಮುಕ್ತ ಎಂದೂ ಹೇಳಲಾಗದು. ಸಂತೆಯ ಬಾಗಿಲ ಬಳಿಯ ಜಾಗಗಳು ಹಳಬರವು, ಕರ ವಸೂಲಿಯ ಹಕ್ಕನ್ನು ಸ್ಥಳೀಯ ಸಂಸ್ಥೆಗಳು ಹರಾಜು ಹಾಕುವಲ್ಲಿ ಆ ಹಕ್ಕು ಹಿಡಿದವರ ಮಾತೂ ನಡೆಯುತ್ತದೆ.

ಕಾಲದ ಪ್ರಭಾವವನ್ನು ಬೇರೆ ಪ್ರಭಾವಗಳಿಂದ ಬಿಡಿಸಿ ನೋಡುವುದು ಹೇಗೆ? ಉಳ್ಳಾಗಡ್ಡಿಯನ್ನೂ ಮೆಂತೆಯನ್ನೂ ಒಂದೇ ದಿನ ಗಮನಿಸಿರಿ. ಸಂತೆಯೊಂದೇ, ಗಿರಾಕಿಗಳು ಅವರೇ, ಮಳೆ ಬಿಸಿಲು ಒಂದೇ. ಆದರೆ ಉಳಿದ ಉಳ್ಳಾಗಡ್ಡಿ ಚೀಲ ಸೇರಿ ಇನ್ನೊಂದು ದಿನ ಇನ್ನೊಂದು ಊರಿನ ಸಂತೆಗೆ ಹೋಗುತ್ತದೆ. ಅಕ್ಕಪಕ್ಕದ ಊರುಗಳ ಸಂತೆಗಳು ಬೇರೆ ಬೇರೆ ವಾರ ಬೀಳುವುದರಿಂದಲೇ ವ್ಯಾಪಾರಿಗೆ ಈ ಸುತ್ತು ಸಾಧ್ಯವಾಗಿದೆ. ಆದ್ದರಿಂದ ಸಂಜೆಯ ಉಳ್ಳಾಗಡ್ಡಿಗೆ ನಾಳೆಯ ಸಂತೆಯ ಬೆಲೆ ಆಸರೆಯಾಗಿ ನಿಲ್ಲುತ್ತದೆ, ಅದು ಹೆಚ್ಚು ಕುಸಿಯದು. ಮೆಂತೆಗೆ ನಾಳೆ ಇಲ್ಲ. ಒಂದರ ಬೆಲೆ ಸಂಜೆ ಎಷ್ಟು ಇಳಿಯಿತು, ಇನ್ನೊಂದರದು ಎಷ್ಟು ಇಳಿಯಿತು ಎಂಬ ವ್ಯತ್ಯಾಸವೇ ಕಾಲದ ಪ್ರಭಾವ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಮಾಹಿತಿಯ ಕೊರತೆ ಇನ್ನೆಲ್ಲಿ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ರಾಬರ್ಟ್ ಜೆನ್ಸೆನ್ ಉತ್ತರ ಕೇರಳದ ಕರಾವಳಿಯಲ್ಲಿ 1997ರಿಂದ 2001ರವರೆಗೆ ಮೊಬೈಲ್ ಬಂದಾಗ ಬೂತಾಯಿ ಮೀನಿನ ಬೆಲೆಗೆ ಏನಾಯಿತು ಎಂದು ಅಳೆದರು. ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಒಂದು ದಡದಿಂದ ಇನ್ನೊಂದು ದಡಕ್ಕೆ ಇದ್ದ ಬೆಲೆಯ ಅಂತರ ಬಹಳ ಇಳಿಯಿತು, ಮಾರಾಟವಾಗದೆ ಚೆಲ್ಲುತ್ತಿದ್ದ ಮೀನು ಹೆಚ್ಚುಕಡಿಮೆ ಇಲ್ಲವಾಯಿತು. ಆದರೆ ದೋಣಿ ಇನ್ನೂ ನೀರಿನಲ್ಲಿರುವಾಗಲೇ ಫೋನ್ ಮಾಡಿ ಯಾವ ದಡಕ್ಕೆ ತಿರುಗಬೇಕೆಂದು ತೀರ್ಮಾನಿಸಬಹುದಿತ್ತು. ನಮ್ಮ ಚಿಲ್ಲರೆ ವ್ಯಾಪಾರಿ ಕುಷ್ಟಗಿಯ ಸಂತೆಯಲ್ಲಿ ಮಾಲು ಇಳಿಸಿ ಕೂತ ಮೇಲೆ ಗಂಗಾವತಿಯಲ್ಲಿ ದರ ಹೆಚ್ಚಿದೆ ಎಂದು ತಿಳಿದರೆ ಟಂಟಂ ಬಾಡಿಗೆ ಮತ್ತೊಮ್ಮೆ ಬೀಳುತ್ತದೆ. ಹಿಂದಿನ ರಾತ್ರಿ ಕೊಯ್ಲಿಗೆ ಮುಂಚೆ ಹೊಲದಲ್ಲಿರುವ ರೈತನಿಗೆ ಅದೇ ಸುದ್ದಿ ಬೆಲೆಬಾಳುತ್ತದೆ, ಅವನ ಮಾಲು ದಲಾಲನ ಮುಂಗಡಕ್ಕೆ ಕಟ್ಟುಬೀಳದಿದ್ದರೆ.

ಕೊನೆಯದಾಗಿ, ನಿಮ್ಮ ಅರ್ಥಶಾಸ್ತ್ರ ಸಂಘಕ್ಕೆ ಒಂದು ಕೆಲಸ ವಹಿಸಿ ಮಾತು ಮುಗಿಸುತ್ತೇನೆ. ನಾಲ್ಕು ತಂಡಗಳಾಗಿ, ತಂಡಕ್ಕೊಂದು ಸಂತೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಮೂರೇ ಮಾಲು ಸಾಕು, ಟೊಮೆಟೊ, ಉಳ್ಳಾಗಡ್ಡಿ, ಮೆಂತೆ. ಸಾಲಿನ ಇಪ್ಪತ್ತು ಜನರ ಬಳಿ ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ಒಂದೊಂದು ಸಲ ನಿಜವಾಗಿ ಕೊಳ್ಳಿರಿ, ಕೇಳಿ ಬರೆದುಕೊಳ್ಳುವುದು ಬೇಡ. ಕೊಂಡದ್ದನ್ನು ಅಲ್ಲೇ ಬೇರೆ ತಕ್ಕಡಿಯಲ್ಲಿ ತೂಗಿ ಕೆಜಿಯ ಬೆಲೆಗೆ ಇಳಿಸಿರಿ. ಆ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲಿ. ಮೂರು ಹೊತ್ತಿನ ಸರಾಸರಿ ಮತ್ತು ಪ್ರತಿ ಹೊತ್ತಿನೊಳಗಿನ ಏರುಪೇರನ್ನು ಬೇರೆ ಬೇರೆ ಇಡಿರಿ. ಮಾಲನ್ನು ಎಲ್ಲಿ ಎತ್ತಿದಿರಿ, ನಗದೋ ಉದ್ರಿಯೋ ಎಂದು ಪ್ರತಿಯೊಬ್ಬರನ್ನೂ ವಿನಯದಿಂದ ಕೇಳಿರಿ, ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿರಿ. ಒಂದೇ ಅಂಗಡಿಯಿಂದ ಎತ್ತಿದವರ ಬೆಲೆಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಬೇರೆ ಅಂಗಡಿಯಿಂದ ಎತ್ತಿದವರ ಬೆಲೆಗಳು ದೂರವಿದ್ದರೆ, ಸಂತೆಯ ಬೆಲೆ ಸಂತೆಯಲ್ಲಿ ಕಟ್ಟುತ್ತಿಲ್ಲ ಎಂದು ನೀವು ಬರೆಯಬಹುದು. ಎಲ್ಲಿಂದ ಎತ್ತಿದರೂ ಹತ್ತು ಗಂಟೆಗೆ ಕೆಜಿಯ ಬೆಲೆ ಒಂದೇ ಕಡೆ ಸೇರಿದರೆ ನನ್ನ ವಾದದ ಮೊದಲ ಭಾಗ ಬೀಳುತ್ತದೆ, ಅದನ್ನೂ ಹಾಗೆಯೇ ಬರೆಯಿರಿ.